ಎಂ.ಎಸ್ಸಿ. ಕಂಪ್ಯೂಟರ್ ಸೈನ್ಸ್ ಪ್ರವೇಶಕ್ಕೆ ಉದ್ದೇಶ ಪತ್ರ

ಆಯ್ಕೆ ಸಮಿತಿಯವರಿಗೆ ನಮಸ್ಕಾರ.

ನಾನು ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಏಳು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಊರು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. 2018ರಲ್ಲಿ ಬಿ.ಎಸ್ಸಿ. ಮುಗಿಸಿದೆ. ಓದಿದ್ದು ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್. ಕಂಪ್ಯೂಟರ್ ಸೈನ್ಸನ್ನು ಯಾವ ತರಗತಿಯಲ್ಲೂ ಕೂತು ಕಲಿತಿಲ್ಲ. ಪ್ರೋಗ್ರಾಮಿಂಗ್ ಕಲಿತದ್ದೆಲ್ಲ ರಾತ್ರಿ ಊಟ ಆದ ಮೇಲೆ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ. ಅರ್ಜಿಯ ಜೊತೆ ಹನ್ನೊಂದು ಆನ್‌ಲೈನ್ ಸರ್ಟಿಫಿಕೇಟ್ ಇಟ್ಟಿದ್ದೇನೆ. ಅವುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಅನ್ನುವುದನ್ನು ನಾನೇ ಮುಂದೆ ಹೇಳುತ್ತೇನೆ. ಮೊದಲು ಮಂಡಿಯ ವಿಷಯ. ಈ ಅರ್ಜಿ ಹುಟ್ಟಿದ್ದೇ ಅಲ್ಲಿ.

ರೈತರು ಅಡಿಕೆ ತಂದು ಹಾಕುತ್ತಾರೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಬೇರೆ ಬರೆದುಕೊಳ್ಳುತ್ತೇವೆ. ಕೆಲವರು ಕೊಯ್ಲಿಗೆ ಮೊದಲೇ ಮುಂಗಡ ತೆಗೆದುಕೊಂಡಿರುತ್ತಾರೆ. ಅಡಿಕೆ ಮಾರಿದಾಗ ಅದನ್ನು ಮುರಿದುಕೊಂಡು ಉಳಿದದ್ದು ಕೊಡಬೇಕು. ಲೆಕ್ಕ ಸುಲಭ. ಕಷ್ಟ ಇರುವುದು ಹೆಸರಿನಲ್ಲಿ. ಶೇಷಪ್ಪ ಅನ್ನುವವರು ಒಂದು ಪುಸ್ತಕದಲ್ಲಿ ಶೇಷಪ್ಪ, ಇನ್ನೊಂದರಲ್ಲಿ ಶೇಶಪ್ಪ, ಅವಸರದಲ್ಲಿ ಬರೆದ ಚೀಟಿಯಲ್ಲಿ ಸೇಸಪ್ಪ. ಮೂರೂ ಒಬ್ಬರೇ. ಮುಂಗಡ ಒಂದು ಖಾತೆಯಲ್ಲಿ, ಅಡಿಕೆ ಇನ್ನೊಂದು ಖಾತೆಯಲ್ಲಿ ಕೂತಿರುತ್ತದೆ. ನಮ್ಮ ಹಳೇ ಗುಮಾಸ್ತರು ಇದನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದರು. ಅವರು ಒಂದು ವಾರ ರಜೆ ಹಾಕಿದರೆ ನಾವೆಲ್ಲ ಕಣ್ಣು ಕಣ್ಣು ಬಿಡುತ್ತಿದ್ದೆವು.

2020ರ ಲಾಕ್‌ಡೌನಿನಲ್ಲಿ ಕೈಯಲ್ಲಿ ಸಮಯ ಇತ್ತು. ಹಾರ್ವರ್ಡ್‌ನ ಸಿಎಸ್50 ಕೋರ್ಸ್ ಪುಕ್ಕಟೆ ಸಿಗುತ್ತದೆ ಅಂತ ಗೊತ್ತಾಗಿ ಶುರು ಮಾಡಿದೆ. ಮೊದಲ ವಾರಗಳು ಸಿ ಭಾಷೆ. ಇಂಗ್ಲಿಷ್ ಮಾತು ಅರ್ಥ ಆಗದೆ ಒಂದೊಂದು ವಿಡಿಯೊ ಮೂರು ಮೂರು ಸಲ ನೋಡಿದೆ. ಅದರಲ್ಲಿ ಹ್ಯಾಶ್ ಟೇಬಲ್ ಕಟ್ಟಿ ಸ್ಪೆಲ್ಲಿಂಗ್ ಪರೀಕ್ಷಿಸುವ ಒಂದು ಲೆಕ್ಕ ಇದೆ. ಇಂಗ್ಲಿಷ್ ಪದಗಳಿಗೆ ಚೆನ್ನಾಗಿ ಓಡಿತು. ಖುಷಿಯಲ್ಲಿ ಮಂಡಿಯ ಹೆಸರುಗಳನ್ನು ಅದಕ್ಕೆ ಹಾಕಿದೆ. ಮೊದಲ ಬೈಟ್ ನೋಡಿ ಪೆಟ್ಟಿಗೆ ಆರಿಸುವ ಹಾಗೆ ಬರೆದಿದ್ದೆ. ಎಲ್ಲ ಹೆಸರೂ ಒಂದೇ ಪೆಟ್ಟಿಗೆಗೆ ಹೋಗಿ ಬಿದ್ದವು! ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರವೂ `E0` ಎಂಬ ಒಂದೇ ಬೈಟಿನಿಂದ ಶುರುವಾಗುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಾದ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಪೈಥಾನಿನಲ್ಲಿ ಹೀಗೆ ನೋಡಿದೆ:

```python
len("ಶಾಂತಮ್ಮ")                  # 7
len("ಶಾಂತಮ್ಮ".encode("utf-8"))  # 21
```

ನಮ್ಮ ಶಾಂತಮ್ಮ ಬಾಯಲ್ಲಿ ಮೂರು ಅಕ್ಷರ, ಯುನಿಕೋಡಿನಲ್ಲಿ ಏಳು ಸಂಕೇತ, ಡಿಸ್ಕಿನಲ್ಲಿ ಇಪ್ಪತ್ತೊಂದು ಬೈಟ್. ಹಾಗಾದರೆ ಎರಡು ಹೆಸರು ಎಷ್ಟು ಹತ್ತಿರ ಇವೆ ಅಂತ ಅಳೆಯುವಾಗ ಯಾವುದನ್ನು ಎಣಿಸಬೇಕು? ಐದು ವರ್ಷ ಆದರೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

2021ರಿಂದ ಮಂಡಿಗೆ ಒಂದು ಖಾತೆ ಪ್ರೋಗ್ರಾಂ ಬರೆದೆ. ಈಗಲೂ ಅದೇ ಓಡುತ್ತಿದೆ. ಹಳೆಯ ಫೈಲುಗಳು ನುಡಿ ಫಾಂಟಿನಲ್ಲಿ ಇದ್ದವು, ಅವನ್ನೆಲ್ಲ ಯುನಿಕೋಡಿಗೆ ತಂದೆ. ಒಟ್ಟು 8,400 ಖಾತೆ. ಪ್ರತಿ ಹೆಸರನ್ನೂ ಉಳಿದ ಎಲ್ಲದರ ಜೊತೆ ಹೋಲಿಸಿದರೆ ಸುಮಾರು ಮೂರೂವರೆ ಕೋಟಿ ಜೋಡಿ. ಸಂಜೆ ಬಾಗಿಲು ಹಾಕುವಾಗ ಓಡಿಸಿ ಹೋದರೆ ಬೆಳಿಗ್ಗೆಗೆ ಮುಗಿದಿರುತ್ತಿತ್ತು. ಆಮೇಲೆ ಊರಿನ ಪ್ರಕಾರ ಗುಂಪು ಮಾಡಿ, ಒಂದೇ ಊರಿನವರನ್ನು ಮಾತ್ರ ಹೋಲಿಸಿದೆ. ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯಿತು. ಆದರೆ ಊರಿನ ಹೆಸರೇ ತಪ್ಪಾಗಿದ್ದವರು ಕೈ ತಪ್ಪಿದರು.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಲೇಬೇಕು. ಹೆಸರು ಮತ್ತು ಊರು ಒಂದೇ ಇದ್ದರೆ ಖಾತೆ ತಾನಾಗಿ ಸೇರಿಕೊಳ್ಳಲಿ ಅಂತ ಬರೆದಿದ್ದೆ. ಒಬ್ಬರ 40,000 ರೂಪಾಯಿ ಮುಂಗಡ ಇನ್ನೊಬ್ಬರ ಲೆಕ್ಕದಲ್ಲಿ ಮುರಿದು ಹೋಯಿತು. ಅವರು ಕೌಂಟರಿಗೆ ಬಂದು, "ನಾನು ಯಾವತ್ತೂ ಒಂದು ಪೈಸೆ ಮುಂಗಡ ತಗೊಂಡಿಲ್ಲ" ಅಂತ ನಿಂತರು. ಗುಮಾಸ್ತರು ಪರದೆ ನೋಡಿ ಹೇಳಿದರು, "ಇವರಿಬ್ಬರು ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಕಣಮ್ಮ. ಇಬ್ಬರಿಗೂ ಅಜ್ಜನ ಹೆಸರು ಇಟ್ಟಿದ್ದಾರೆ." ಅವತ್ತಿನಿಂದ ಪ್ರೋಗ್ರಾಂ ಸುಮ್ನೆ ಪಟ್ಟಿ ಕೊಡುತ್ತದೆ, ಸೇರಿಸುವುದು ಮನುಷ್ಯರೇ.

ಸರ್ಟಿಫಿಕೇಟುಗಳ ಮಾತಿಗೆ ಬರುತ್ತೇನೆ. ಹನ್ನೊಂದರಲ್ಲಿ ಆರನ್ನು ನೀವು ಲೆಕ್ಕಕ್ಕೆ ಹಿಡಿಯದಿದ್ದರೂ ನನಗೆ ಬೇಸರ ಇಲ್ಲ. ಅವುಗಳ ಪರೀಕ್ಷೆಯನ್ನು ಪಾಸಾಗುವ ತನಕ ಮತ್ತೆ ಮತ್ತೆ ಬರೆಯಬಹುದು. ನಾನೂ ಹಾಗೇ ಬರೆದಿದ್ದೇನೆ. ಫ್ರೀಕೋಡ್‌ಕ್ಯಾಂಪಿನ ಎರಡರಿಂದ ಕೈ ಪಳಗಿತು, ಅಷ್ಟೇ. ಸಿಎಸ್50 ನಿಜಕ್ಕೂ ಬೆವರು ಇಳಿಸಿತು. ಮುಖ್ಯವಾದವು ಎನ್‌ಪಿಟಿಇಎಲ್‌ನ ಎರಡು: ಅಲ್ಗಾರಿದಮ್‌ಗಳಲ್ಲಿ 78, ಡಿಸ್ಕ್ರೀಟ್ ಗಣಿತದಲ್ಲಿ 61. ಅಲ್ಲಿ 75 ಅಂಕ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಎದುರು ಕೂತು ಗಳಿಸಬೇಕು. ಮನೆಯಲ್ಲಿ ಮಾಡುವ ಅಸೈನ್‌ಮೆಂಟಿಗೆ 25 ಮಾತ್ರ. ಆ 61 ಏನೂ ದೊಡ್ಡದಲ್ಲ. ಆದರೆ ಅದು ನನ್ನ ನಿಜವಾದ ಮಟ್ಟ. ಸಾಧಿಸಿ ತೋರಿಸಿ ಅಂದ ಪ್ರಶ್ನೆಗಳಲ್ಲೇ ನಾನು ಎಡವಿದ್ದು.

ಎಂ.ಎಸ್ಸಿ. ಯಾಕೆ ಬೇಕು ಅನ್ನುವುದಕ್ಕೂ ಅಲ್ಲೇ ಉತ್ತರ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಊರಿನ ಗುಂಪು ಇಲ್ಲದೆ ಬೇಗ ಹುಡುಕಲು 2023ರಲ್ಲಿ, ಹೆಸರುಗಳನ್ನು ದೂರದ ಪ್ರಕಾರ ಕೊಂಬೆಗಳಲ್ಲಿ ಜೋಡಿಸುವ ಬಿಕೆ ಟ್ರೀ ಬಳಸಿದೆ. ಸಾಮಾನ್ಯ ಎಡಿಟ್ ಡಿಸ್ಟನ್ಸ್ ನಮಗೆ ಸಾಲದು. ಅದಕ್ಕೆ ಸ ಬದಲು ಶ ಬರೆದರೂ ಒಂದೇ, ಸ ಬದಲು ಮ ಬರೆದರೂ ಒಂದೇ. ಹಾಗಾಗಿ ನನ್ನದೇ ಬೆಲೆ ಇಟ್ಟೆ. ಬೇರೆ ಅಕ್ಷರಕ್ಕೆ 10. ಸ–ಶ ನಡುವೆ 2, ಶ–ಷ ನಡುವೆ 2. ಸ–ಷ ಜೋಡಿ ನೆನಪಾಗಲೇ ಇಲ್ಲ, ಅದು 10ರಲ್ಲೇ ಉಳಿಯಿತು. ಪ್ರೋಗ್ರಾಂ ಓಡಿತು, ಎಲ್ಲೂ ಎರರ್ ಇಲ್ಲ. ಆದರೆ ಶೇಶಪ್ಪ ಅಂತ ಹುಡುಕಿದರೆ ಸೇಸಪ್ಪ ಸಿಗುತ್ತಲೇ ಇರಲಿಲ್ಲ. ಅವೆರಡರ ನಡುವೆ ದೂರ ಬರೀ 4, ನಾನು ಕೇಳಿದ್ದೂ 4ರ ಒಳಗಿನದನ್ನೇ.

ಮೂರು ವಾರ ಕೋಡಿನಲ್ಲಿ ತಪ್ಪು ಹುಡುಕಿದೆ. ತಪ್ಪು ಕೋಡಿನಲ್ಲಿ ಇರಲಿಲ್ಲ. ಮರದ ಬೇರಿನಲ್ಲಿ ಶೇಷಪ್ಪ ಕೂತಿತ್ತು. ಶೇಷಪ್ಪದಿಂದ ಸೇಸಪ್ಪಕ್ಕೆ ನೇರ ಹೋದರೆ 12. ಶೇಶಪ್ಪದ ಮೇಲೆ ಸುತ್ತಿಕೊಂಡು ಹೋದರೆ 6. ಸುತ್ತು ದಾರಿಯೇ ಹತ್ತಿರ ಆಗಿಬಿಟ್ಟಿತ್ತು! ತ್ರಿಭುಜ ಅಸಮತೆ ಮುರಿದಿತ್ತು. ಬಿಕೆ ಟ್ರೀ ನಿಂತಿರುವುದೇ ಆ ಒಂದು ನಿಯಮದ ಮೇಲೆ. ಬೇರಿನಿಂದ ಶೇಶಪ್ಪಕ್ಕೆ 2, ನಾನು ಕೇಳಿದ್ದು ಅಲ್ಲಿಂದ 4ರ ಒಳಗೆ. ಹಾಗಾಗಿ ಆ ನಿಯಮ ನಂಬಿಕೊಂಡು ಮರ 6ಕ್ಕಿಂತ ದೂರದ ಕೊಂಬೆಗಳನ್ನು ನೋಡದೆ ಬಿಟ್ಟಿತು. ಸೇಸಪ್ಪ 12ರ ಕೊಂಬೆಯಲ್ಲಿ ಇತ್ತು. ಬಿ.ಎಸ್ಸಿ.ಯಲ್ಲಿ ಮೆಟ್ರಿಕ್ ಸ್ಪೇಸ್ ಪಾಠದಲ್ಲಿ ಈ ನಿಯಮವನ್ನು ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡಿದ್ದೆ. ಅದು ನನ್ನ ಮಂಡಿಗೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಅಲ್ಗಾರಿದಮ್ ಕೋರ್ಸಿನ ಫ್ಲಾಯ್ಡ್–ವಾರ್ಷಲ್ ನೆನಪಾಯಿತು. ಅಕ್ಷರಗಳನ್ನು ಊರುಗಳು ಅಂದುಕೊಂಡು, ಪ್ರತಿ ಜೋಡಿಗೂ ಅತಿ ಕಡಿಮೆ ದಾರಿಯ ಬೆಲೆಯನ್ನೇ ಇಟ್ಟೆ. ಸ–ಷ 4 ಆಯಿತು, ಸೇಸಪ್ಪ 6ರ ಕೊಂಬೆಗೆ ಬಂದು ಸಿಕ್ಕಿತು. ಹತ್ತು ಲಕ್ಷ ಸಲ ಮೂರು ಮೂರು ಹೆಸರು ಆರಿಸಿ ಪರೀಕ್ಷೆ ಮಾಡಿದೆ. ಒಂದು ಸಲವೂ ನಿಯಮ ಮುರಿಯಲಿಲ್ಲ. ಆದರೆ ಹತ್ತು ಲಕ್ಷ ಸಲ ಮುರಿಯಲಿಲ್ಲ ಅಂದರೆ ಎಂದೂ ಮುರಿಯುವುದಿಲ್ಲ ಅಂತ ಅಲ್ಲ, ಅಲ್ವಾ? ಎರಡು ಪುಟದ ಒಂದು ಸಾಧನೆ ಬರೆದಿಟ್ಟಿದ್ದೇನೆ. ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ತೋರಿಸಲು ಯಾರೂ ಇಲ್ಲ. ವಿಡಿಯೊ ನನಗೆ ಪಾಠ ಹೇಳುತ್ತದೆ, ನಾನು ಬರೆದದ್ದನ್ನು ಓದುವುದಿಲ್ಲ. ನನ್ನ ಕೋಡನ್ನು ಇಲ್ಲಿಯವರೆಗೆ ತಿಳಿದವರು ಯಾರೂ ಓದಿಲ್ಲ. ನನಗೆ ನಿಮ್ಮ ವಿಭಾಗ ಬೇಕಿರುವುದು ಇದಕ್ಕೇ.

ನನಗೆ ಗೊತ್ತಿಲ್ಲದ್ದು ಇನ್ನೂ ಜಾಸ್ತಿ ಇದೆ. ಆಪರೇಟಿಂಗ್ ಸಿಸ್ಟಮ್, ಕಂಪೈಲರ್ ಓದಿಲ್ಲ. ಥಿಯರಿ ಆಫ್ ಕಂಪ್ಯುಟೇಶನ್ ಎರಡು ಸಲ ಶುರು ಮಾಡಿ ಎರಡು ಸಲವೂ ಅರ್ಧಕ್ಕೆ ಬಿಟ್ಟೆ. ಮೊದಲ ವರ್ಷ ನನಗಿಂತ ಚಿಕ್ಕವರ ಹಿಂದೆ ಓಡಬೇಕಾಗುತ್ತದೆ ಅಂತ ಗೊತ್ತು. ಅದಕ್ಕೆ ಬೇಕಾದ ಸೇತು ಕೋರ್ಸುಗಳನ್ನು ಮಾಡಲು ಸಿದ್ಧ.

ಪ್ರಾಜೆಕ್ಟಿಗೆ ಒಂದು ಯೋಚನೆ ಇದೆ. ಈಗ ಬೆಲೆಗಳನ್ನು ನಾನು ಕೈಯಿಂದ ಇಟ್ಟಿದ್ದೇನೆ. ಅವನ್ನು ನಿಜವಾದ ತಪ್ಪುಗಳಿಂದಲೇ ಕಲಿಯುವ ಹಾಗೆ ಮಾಡಬೇಕು, ಆದರೆ ತ್ರಿಭುಜದ ನಿಯಮವೂ ಉಳಿಯಬೇಕು. ಗುಮಾಸ್ತರೂ ನಾನೂ ಕೂತು 1,900 ಜೋಡಿಗಳಿಗೆ "ಒಬ್ಬರೇ" ಅಥವಾ "ಬೇರೆ" ಅಂತ ಗುರುತು ಹಾಕಿದ್ದೇವೆ. ಯುನಿಕೋಡ್ ಸಂಕೇತ ಎಣಿಸುವುದಕ್ಕಿಂತ ಇಡೀ ಅಕ್ಷರ ಎಣಿಸಿದರೆ ಫಲಿತಾಂಶ ಉತ್ತಮವಾಗುತ್ತದೆಯೇ ಅಂತ ಅದರ ಮೇಲೆ ಅಳೆಯಬಹುದು. ಯಜಮಾನರು ಒಪ್ಪಿಗೆ ಕೊಟ್ಟಿದ್ದಾರೆ, ಮಂಡಿಯ ಹೊರಗೆ ಯಾವ ರೈತರ ಹೆಸರೂ ಹೋಗಬಾರದು ಅನ್ನುವ ಷರತ್ತಿನ ಮೇಲೆ. ಬೇರೆ ಹೆಸರುಗಳನ್ನು ಹಾಕಿ, ತಪ್ಪಿನ ಬಗೆ ಮಾತ್ರ ಉಳಿಸುವ ದಾರಿ ಹುಡುಕಬೇಕು. ಪಹಣಿಯಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹೆಸರು ಇರುವುದು ನಮ್ಮ ಕಡೆ ಹೊಸದಲ್ಲ. ಓದು ಮುಗಿದ ಮೇಲೆ ಕನ್ನಡದ ದಾಖಲೆಗಳ ಇಂಥ ಕೆಲಸದಲ್ಲೇ ಇರಬೇಕು ಅಂತ ಆಸೆ.

ಹಣದ ಬಗ್ಗೆ ಒಂದು ಮಾತು. ಎರಡು ವರ್ಷದ ಶುಲ್ಕಕ್ಕೆ ಆಗುವಷ್ಟು ಉಳಿಸಿದ್ದೇನೆ. ಪ್ರವೇಶ ಸಿಕ್ಕರೆ ಕೆಲಸ ಬಿಡುತ್ತೇನೆ. ಮಂಡಿಯ ಪ್ರೋಗ್ರಾಂ ನೋಡಿಕೊಳ್ಳಲು ಒಬ್ಬ ಹುಡುಗನಿಗೆ ಈಗಲೇ ಹೇಳಿಕೊಡುತ್ತಿದ್ದೇನೆ.

ಅಂಕಪಟ್ಟಿ, ಸರ್ಟಿಫಿಕೇಟ್, ಕೋಡ್ ಮತ್ತು ಆ ಎರಡು ಪುಟದ ಸಾಧನೆಯನ್ನು ಇದರ ಜೊತೆ ಲಗತ್ತಿಸಿದ್ದೇನೆ. ಸ–ಷ ಮರೆತಿದ್ದ ಹಳೆಯ ಕೋಡನ್ನೂ ಅಳಿಸದೆ ಹಾಗೇ ಇಟ್ಟಿದ್ದೇನೆ. ಸಂದರ್ಶನಕ್ಕೆ ಕರೆದರೆ ಮೊದಲು ಸಾಧನೆಯ ಎರಡನೇ ಪುಟದ ಬಗ್ಗೆ ಕೇಳಿ. ನನಗೆ ಅನುಮಾನ ಇರುವುದು ಅಲ್ಲಿಯೇ.

ಇಂತಿ,
ಅಶ್ವಿನಿ ಬಿ. ಆರ್.
ಶಿವಮೊಗ್ಗ