ಸ್ಪ್ರಿಂಗ್ ಮತ್ತು ಲೋಲಕ: ಸರಳ ಸಂಗತ ಚಲನೆಯ ಲೆಕ್ಕಗಳು, ಉತ್ತರ ಸಹಿತ

ಪ್ರಥಮ ಪಿಯುಸಿ, ಭೌತಶಾಸ್ತ್ರ, ಆಂದೋಲನಗಳು. g = 9.8 ಮೀ/ಸೆ² ಎಂದು ಇಟ್ಟುಕೊಳ್ಳಿ. ಲೆಕ್ಕಕ್ಕೆ ಕೈಹಾಕುವ ಮುಂಚೆ ಸೆಂಟಿಮೀಟರನ್ನು ಮೀಟರಿಗೂ ಗ್ರಾಂ ಅನ್ನು ಕಿಲೋಗ್ರಾಂಗೂ ಬದಲಿಸಿ. ಶಕ್ತಿಯ ಲೆಕ್ಕದಲ್ಲಿ x ವರ್ಗವಾಗುವುದರಿಂದ, ಸೆಂ.ಮೀ. ಹಾಗೇ ಉಳಿದರೆ ಉತ್ತರ 10,000 ಪಟ್ಟು ಹೆಚ್ಚಾಗಿಬಿಡುತ್ತದೆ.

ಲೆಕ್ಕ 1. ತೂಗುಹಾಕಿದ ಸ್ಪ್ರಿಂಗಿನ ತುದಿಗೆ 200 ಗ್ರಾಂ ತೂಕದ ಕಲ್ಲು ಕಟ್ಟಿದಾಗ ಅದು 4.9 ಸೆಂ.ಮೀ. ಹಿಗ್ಗಿ ನಿಲ್ಲುತ್ತದೆ. ಅಲ್ಲಿಂದ ಇನ್ನೂ 3 ಸೆಂ.ಮೀ. ಕೆಳಗೆಳೆದು ಬಿಡಲಾಗಿದೆ. (ಅ) ಆವರ್ತಕಾಲ ಎಷ್ಟು? (ಆ) ಸಮತೋಲನ ಸ್ಥಾನದಿಂದ 1 ಸೆಂ.ಮೀ. ಕೆಳಗಿರುವಾಗ ಚಲನ ಶಕ್ತಿ, ಪ್ರಚ್ಛನ್ನ ಶಕ್ತಿ, ವೇಗ ಎಷ್ಟೆಷ್ಟು?

(ಅ) ಕಲ್ಲು ಸುಮ್ಮನೆ ನಿಂತಿರುವಾಗ ಸ್ಪ್ರಿಂಗಿನ ಎಳೆತವೂ ತೂಕವೂ ಸಮ.

k = mg/x₀ = (0.2 × 9.8)/0.049 = 40 ನ್ಯೂಟನ್/ಮೀಟರ್

T = 2π√(m/k) = 2π√(0.2/40) = 0.444 ಸೆಕೆಂಡ್

(ಆ) ಪಾರ A = 3 ಸೆಂ.ಮೀ. ಮಾತ್ರ, 7.9 ಅಲ್ಲ. ಆಂದೋಲನ ನಡೆಯುವುದು ಕಲ್ಲು ತಾನಾಗಿ ನಿಂತ ಜಾಗದ ಸುತ್ತ. ಖಾಲಿ ಸ್ಪ್ರಿಂಗಿನ ತುದಿ ಇದ್ದ ಜಾಗದ ಸುತ್ತ ಅಲ್ಲ.

ಒಟ್ಟು ಶಕ್ತಿ: E = ½kA² = ½ × 40 × (0.03)² = 0.018 ಜೂಲ್

ಪ್ರಚ್ಛನ್ನ ಶಕ್ತಿ: U = ½kx² = ½ × 40 × (0.01)² = 0.002 ಜೂಲ್

ಚಲನ ಶಕ್ತಿ: K = E − U = 0.016 ಜೂಲ್

ವೇಗ: v = √(2K/m) = √0.16 = 0.4 ಮೀ/ಸೆ

ಇಲ್ಲೊಂದು ಸಂಶಯ ಏಳಬೇಕು, ಏಳುವುದು ಒಳ್ಳೆಯದೇ: ಆ ಹೊತ್ತಿಗೆ ಸ್ಪ್ರಿಂಗ್ ಹಿಗ್ಗಿರುವುದು 5.9 ಸೆಂ.ಮೀ. ಅಲ್ಲವೇ, 1 ಸೆಂ.ಮೀ. ಏಕೆ ಹಾಕಿದೆವು? ಪೂರ್ತಿ ಲೆಕ್ಕ ಹಾಕಿಯೇ ನೋಡೋಣ. 5.9 ಸೆಂ.ಮೀ. ಹಿಗ್ಗಿದಾಗ ಸ್ಪ್ರಿಂಗಿನಲ್ಲಿರುವ ಶಕ್ತಿ 0.06962 ಜೂಲ್, 4.9 ಸೆಂ.ಮೀ.ಗೆ 0.04802 ಜೂಲ್. ಹೆಚ್ಚಳ 0.0216. ಆದರೆ ಕಲ್ಲು 1 ಸೆಂ.ಮೀ. ಕೆಳಗಿಳಿದಿದ್ದರಿಂದ ಗುರುತ್ವದ ಪ್ರಚ್ಛನ್ನ ಶಕ್ತಿ mgx = 0.0196 ಜೂಲ್ ಇಳಿದಿದೆ. ಕಳೆದರೆ ಉಳಿಯುವುದು ಅದೇ 0.002. ಸಮತೋಲನ ಸ್ಥಾನದಿಂದ ಅಳೆದ ½kx² ಒಳಗೆ ಗುರುತ್ವದ ಪಾಲು ಆಗಲೇ ಸೇರಿದೆ. ಅದಕ್ಕೆ ಮತ್ತೆ mgx ಕೂಡಿಸಿದರೆ ಒಂದೇ ಶಕ್ತಿಯನ್ನು ಎರಡು ಸಲ ಎಣಿಸಿದಂತೆ.

ಲೆಕ್ಕ 2. ಅದೇ ಸ್ಪ್ರಿಂಗನ್ನು ಸರಿ ಅರ್ಧಕ್ಕೆ ಕತ್ತರಿಸಿ, ಒಂದು ತುಂಡಿಗೆ ಅದೇ ಕಲ್ಲು ಕಟ್ಟಿದರೆ?

ಅರ್ಧ ತುಂಡಿನ k ಅರ್ಧವಾಗುವುದಿಲ್ಲ, ಇಮ್ಮಡಿಯಾಗುತ್ತದೆ: ಅಷ್ಟೇ ಬಲಕ್ಕೆ ಸುರುಳಿಗಳು ಅರ್ಧದಷ್ಟಿರುವುದರಿಂದ ಹಿಗ್ಗುವುದೂ ಅರ್ಧ. k = 80, T = 2π√(0.2/80) = 0.314 ಸೆಕೆಂಡ್.

ಲೆಕ್ಕ 3. 1 ಸೆಂ.ಮೀ. ತ್ರಿಜ್ಯದ, 50 ಗ್ರಾಂ ಲೋಹದ ಗುಂಡನ್ನು 98.3 ಸೆಂ.ಮೀ. ದಾರದಲ್ಲಿ ತೂಗುಬಿಟ್ಟಿದೆ. ಪಾರ 5 ಸೆಂ.ಮೀ. ಆವರ್ತಕಾಲ ಎಷ್ಟು? ಸ್ಥಾನಪಲ್ಲಟ 3 ಸೆಂ.ಮೀ. ಇರುವಾಗ ಶಕ್ತಿ ಹೇಗೆ ಹಂಚಿಹೋಗಿರುತ್ತದೆ?

ಲೋಲಕದ ಉದ್ದವೆಂದರೆ ಕಟ್ಟಿದ ಬಿಂದುವಿನಿಂದ ಗುಂಡಿನ ಕೇಂದ್ರದವರೆಗೆ: L = 98.3 + 1 = 99.3 ಸೆಂ.ಮೀ.

T = 2π√(L/g) = 2π√(0.993/9.8) = 2.00 ಸೆಕೆಂಡ್

ತ್ರಿಜ್ಯ ಮರೆತರೆ 1.99 ಬರುತ್ತದೆ. ಅಲ್ಪ ಅನ್ನಿಸಬಹುದು, ಆದರೆ ಪ್ರಯೋಗಾಲಯದಲ್ಲಿ 20 ಆಂದೋಲನ ಎಣಿಸುವಾಗ ಅದು 0.2 ಸೆಕೆಂಡಿನ ವ್ಯತ್ಯಾಸ, ಸ್ಟಾಪ್‌ವಾಚಿನಲ್ಲಿ ಕಾಣುತ್ತದೆ.

ω = 2π/T = 3.14 ರೇಡಿಯನ್/ಸೆ, ω² = 9.87

E = ½mω²A² = ½ × 0.05 × 9.87 × (0.05)² = 6.17 × 10⁻⁴ ಜೂಲ್

U = ½mω²x² = ½ × 0.05 × 9.87 × (0.03)² = 2.22 × 10⁻⁴ ಜೂಲ್

K = 3.95 × 10⁻⁴ ಜೂಲ್

ತಾಳೆ ನೋಡಲು: x/A = 3/5, ಹಾಗಾಗಿ U/E = 9/25, K/E = 16/25. ವೇಗ v = ω√(A² − x²) = 3.14 × 4 = 12.6 ಸೆಂ.ಮೀ/ಸೆ.

ಇಲ್ಲಿ ವಾಲುವ ಕೋನ ಸುಮಾರು 3° ಮಾತ್ರ, ಸೂತ್ರ ನಂಬಬಹುದು. 30° ವಾಲಿಸಿ ಬಿಟ್ಟರೆ ನಿಜವಾದ ಆವರ್ತಕಾಲ ಸುಮಾರು 1.7% ಹೆಚ್ಚು, ಅಂದರೆ 2.03 ಸೆಕೆಂಡ್ ದಾಟುತ್ತದೆ.

ನೀವೇ ಬಿಡಿಸಿ

4. ಲೆಕ್ಕ 1 ಮತ್ತು 3ರ ಏರ್ಪಾಡುಗಳನ್ನು 2.2 ಮೀ/ಸೆ² ವೇಗೋತ್ಕರ್ಷದಿಂದ ಮೇಲೇರುವ ಲಿಫ್ಟಿನಲ್ಲಿಟ್ಟರೆ ಆವರ್ತಕಾಲಗಳು ಎಷ್ಟಾಗುತ್ತವೆ?

5. ಲೆಕ್ಕ 1ರಲ್ಲಿ ಯಾವ ಸ್ಥಾನಪಲ್ಲಟದಲ್ಲಿ K = U?

6. ಸಮತೋಲನ ಸ್ಥಾನದಿಂದ A/2 ತಲುಪಲು ಎಷ್ಟು ಹೊತ್ತು? ಅಲ್ಲಿ K/E ಎಷ್ಟು?

ಉತ್ತರ

4. ಸ್ಪ್ರಿಂಗಿಗೆ ಅದೇ 0.444 ಸೆಕೆಂಡ್, ಕಲ್ಲು ನಿಲ್ಲುವ ಜಾಗ ಮಾತ್ರ ಕೆಳಗಿಳಿಯುತ್ತದೆ. ಲೋಲಕಕ್ಕೆ g ಬದಲು 12 ಹಾಕಿ: 1.81 ಸೆಕೆಂಡ್.

5. x = A/√2 = 2.12 ಸೆಂ.ಮೀ., ಎರಡೂ ಕಡೆ. 1.5 ಎಂದು ಬರೆದವರು ಶಕ್ತಿ x²ಗೆ ಅನುಪಾತದಲ್ಲಿರುವುದನ್ನು ಮರೆತಿದ್ದಾರೆ.

6. T/12; K/E = 3/4. T/8 ಎನ್ನುವುದು ಸಾಮಾನ್ಯ ತಪ್ಪು. ನಡುವಿನಲ್ಲಿ ವೇಗ ಹೆಚ್ಚು, ಆದ್ದರಿಂದ ಮೊದಲರ್ಧ ದೂರಕ್ಕೆ T/12 ಸಾಕು. ಉಳಿದರ್ಧಕ್ಕೆ ಅದರ ಎರಡರಷ್ಟು, T/6 ಬೇಕು.