ನಾಲ್ಕೇ ಸಾಲು ಬಾಕಿ (ರಂಟೆ ಬಿಡೋ ದಿನದ ಹಾಡು)

ಹೋಯ್ ಬಸವಾ, ಹೋಯ್ ಮೈಲಾ, ಜೋಡಿ ಹೆಜ್ಜೆ ಹಾಕಿರೋ
ಬದುವಿನ ತನಕ ನಾಲ್ಕೇ ಸಾಲು, ನಾಲ್ಕೇ ಸಾಲು ಬಾಕಿಯೋ

ಮಂಗಳವಾರ ಕೊಳ್ಳ ಕಟ್ಟಿ ಮೂಡಲ ಬದುವಿಗೆ ನಿಂತಾಗ
ಕಡಲೆ ಕಿತ್ತ ಎರಿಹೊಲದಲ್ಲಿ ಅಂಗೈ ಅಗಲದ ಬಿರುಕಾಗ
ರಂಟೆ ಊರಿದರೆ ಹೆಂಟೆ ಎದ್ದವು ಕುರಿಮರಿಯಷ್ಟು ದಪ್ಪಗೆ
ಎಡವಿದ್ದು ನಾನು, ಎಡವಲಿಲ್ಲ ನೀವು, ನಡೆದಿರಿ ಸುಮ್ನೆ ತೆಪ್ಪಗೆ

ಕರಿಕೆ ಬೇರು ಎಲ್ಲೆಲ್ಲಿತ್ತೋ ಕಿತ್ತು ಬಿಸಿಲಿಗೆ ಒಗೆದಿರಿ
ಅಡ್ಡ ಸಿಕ್ಕ ಜಾಲಿ ಬೇರನು ಉಸಿರು ಕಟ್ಟಿ ಎಳೆದಿರಿ
ಕಪ್ಪತಗುಡ್ಡದ ಮೇಲೆ ಫ್ಯಾನು ಗರಗರ ತಿರುಗುತ್ತಿದ್ದವು
ಅಷ್ಟು ಗಾಳಿ ಅಲ್ಲೇ ಉಳಿಯಿತು, ಇಲ್ಲಿ ನಾವು ಬೆಂದೆವು

ಹೋಯ್ ಬಸವಾ, ಹೋಯ್ ಮೈಲಾ, ಜೋಡಿ ಹೆಜ್ಜೆ ಹಾಕಿರೋ
ಬದುವಿನ ತನಕ ಮೂರೇ ಸಾಲು, ಮೂರೇ ಸಾಲು ಬಾಕಿಯೋ

ಮೂರನೇ ದಿನ ಬಸವಾ ನಿನಗೆ ಬಾರುಕೋಲು ಬೀಸಿದೆ
ಬೆನ್ನ ಮೇಲೆ ಬಾಸುಂಡೆ ಎದ್ದಿತು, ರಾತ್ರಿ ಎಣ್ಣೆ ಪೂಸಿದೆ
ಸಾಲು ಸೊಟ್ಟ ಆಯಿತು ಅಂತ ನಿನ್ನ ಬೈದೆನಲ್ಲಪ್ಪಾ
ಹಿಂದೆ ತಿರುಗಿ ನೋಡಿದ ಮೇಲೆ ಗೊತ್ತಾಯ್ತು ನನ್ನದೇ ತಪ್ಪಪ್ಪಾ
ಮೇಳಿ ಹಿಡಿದ ಕೈ ಸಡಿಲಿತ್ತು, ಕಣ್ಣು ಮೊಬೈಲ್ ಮೇಲಿತ್ತು
ಹೆಸರಿನ ರೇಟು ನೋಡ್ತಿದ್ದೆ, ಬೀಜ ಇನ್ನೂ ಚೀಲದಲ್ಲಿತ್ತು!

(ರಂಟೆ ತಿರುಗಿಸುತ್ತಾ, ಮಾತಿನಲ್ಲಿ)
ಮಗ ಹೇಳ್ತಾನೆ, "ಅಪ್ಪಾ, ಟ್ರ್ಯಾಕ್ಟರ್ ಕರೆಸಿದ್ದರೆ ಒಂದೊಪ್ಪತ್ತಿನ ಕೆಲಸ. ಸುಮ್ನೆ ಆರು ದಿನ ಬಿಸಿಲಲ್ಲಿ ಬೇಯ್ತಿದ್ದೀ" ಅಂತ. ಹೌದಪ್ಪಾ, ಸುಳ್ಳಲ್ಲ. ಆದರೆ ಟ್ರ್ಯಾಕ್ಟರ್ ಮುಂದೆ ಹಾಡಿದರೆ ಅದು ಕಿವಿ ಅಲ್ಲಾಡಿಸುತ್ತದಾ? ಮೈಲಾ, ಅಲ್ಲಾಡಿಸೋ ಒಂಚೂರು... ಹಾಂ, ನೋಡಿದೆಯಾ!

2023ರ ಬರ ನೆನಪಿದೆಯಾ, ಹಿಡಿ ಮೇವೂ ಇರಲಿಲ್ಲ
ಕಣಿಕೆ ಬಣವೆ ಇದ್ದ ಹಿತ್ತಲಲಿ ಬರೀ ನೆಲ, ಬೇರೇನಿಲ್ಲ
ಬಾಯಿಗೂಡಿದ ಎತ್ತು ಅಂತ ಬಸವನ ಮಾರಲು ಎದ್ದೆನು
ಟೆಂಪೋ ಹತ್ತಿಸಿ ಹಾವೇರಿಯ ದನದ ಸಂತೆಗೆ ತಂದೆನು
ದಲ್ಲಾಳಿ ಬಂದ, ತುಟಿ ಎತ್ತಿ ಹಲ್ಲು ನೋಡಿ ಗೊಣಗಿದ
ಟವೆಲ್ ಹೊದಿಸಿ ಕೈಯ ಮೇಲೆ ಬೆರಳು ಹಿಡಿದು ಎಣಿಸಿದ

ನೀನೋ ಬಸವಾ, ಟೆಂಪೋದೊಳಗೂ ಎಡಕ್ಕೇ ಸರಿದು ನಿಂತಿದ್ದೆ
ಸಂತೆಯಲ್ಲೂ ಬಲಗಡೆಗೊಂದು ಎತ್ತಿನ ಜಾಗ ಬಿಟ್ಟಿದ್ದೆ
ಜನರು ನುಗ್ಗಲಿ, ದನ ನುಗ್ಗಲಿ, ಆ ಕಡೆ ನೀನು ಸರಿಯಲಿಲ್ಲ
ಮನೆಯಲಿದ್ದ ಮೈಲನ ಜಾಗ ಯಾರಿಗೂ ನೀನು ಕೊಡಲಿಲ್ಲ
ಟವೆಲ್ ಒಳಗಿನ ಕೈ ಕಿತ್ತುಕೊಂಡು ಹೇಳಿದೆ, ಎತ್ತು ಮಾರಲ್ಲ
ಹೋಗಿ ಬಂದ ಟೆಂಪೋ ಬಾಡಿಗೆ ಇವತ್ತಿಗೂ ಪೂರಾ ತೀರಿಲ್ಲ

ಹೋಯ್ ಬಸವಾ, ಹೋಯ್ ಮೈಲಾ, ಜೋಡಿ ಹೆಜ್ಜೆ ಹಾಕಿರೋ
ಬದುವಿನ ತನಕ ಎರಡೇ ಸಾಲು, ಎರಡೇ ಸಾಲು ಬಾಕಿಯೋ

ನಾಳೆ ಸೋಮವಾರ, ಬಸವಣ್ಣನ ವಾರ, ನೊಗದ ಮಾತೇ ಎತ್ತಲ್ಲ
ಹೆಗಲ ಬಾವಿಗೆ ಅರಿಶಿನ ಎಣ್ಣೆ, ಹಚ್ಚದೆ ನಾನು ಉಣ್ಣಲ್ಲ
ಕಾರಹುಣ್ಣಿಮೆ ಬರಲಿ ತಡೀರಿ, ಕೋಡು ಹೆರೆದು ಬಳಿವೆ ಬಣ್ಣ
ಹೊಸ ಮೂಗುದಾರ, ಕೊರಳಿಗೆ ಗೆಜ್ಜೆ, ಕೋಡಣಸಿಗೆ ಹುಣಸೆಹಣ್ಣ
ಗೊಟ್ಟ ಹಿಡಿದು ಬಂದರೆ ಮಾತ್ರ ಮೋರೆ ತಿರುವಬೇಡಿರೋ
ಹೋದ ವರ್ಷ ಅಂಗಿ ತುಂಬಾ ಎಣ್ಣೆ, ಬೈದದ್ದು ನಿಮ್ಮವ್ವ ನನಗೇರೋ
ಅಗಸಿಯಲ್ಲಿ ಕರಿ ಹರಿವಾಗ ಮೈಲಾ ನೀನು ಓಡಪ್ಪಾ
ಬಸವಾ, ನಿನಗೆ ವಯಸ್ಸಾಯಿತು, ನನ್ನ ಜತೆಗೇ ನಿಲ್ಲಪ್ಪಾ

ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ ಅಂತಿದ್ದಳು ನಮ್ಮವ್ವ
ಓಣಿ ತುಂಬಾ ಬೇಡ, ಹೊಲಕ್ಕೆ ಹೆಸರು ಬಂದರೆ ಸಾಕವ್ವ
ಪಡುವಣದಲ್ಲಿ ಮೋಡ ಕಟ್ಟಿದೆ, ಇವತ್ತು ಬರದು, ಬೇಡ ಬಿಡು
ಇನ್ನೊಂದು ಸಾಲು ಮುಗಿಯೋ ತನಕ ಮಳೆರಾಯ, ಒಂಚೂರು ತಡೆದುಬಿಡು

ಹೋಯ್ ಬಸವಾ, ಹೋಯ್ ಮೈಲಾ, ಜೋಡಿ ಹೆಜ್ಜೆ ಹಾಕಿರೋ
ಬದುವಿನ ತನಕ ಒಂದೇ ಸಾಲು, ಒಂದೇ ಸಾಲು ಬಾಕಿಯೋ

(ಸಾಲು ಮುಗಿಯಿತು. ರಾಗ ನಿಧಾನ)

ಹೋ... ಬಸವಾ, ಹೋ... ಮೈಲಾ, ನಿಲ್ಲಿರಿನ್ನು ಸಾಕಿನ್ನು
ಕೊಳ್ಳ ಹರಿದೆ, ಮಿಣಿ ಬಿಚ್ಚಿದೆ, ಕೆಳಗೆ ಇಟ್ಟೆ ನೊಗವನ್ನು
ನೊಗ ಇಳಿಸಿದರೂ ನಡುವಿನ ಜಾಗ ಅಷ್ಟೇ ಅಗಲ ಉಳಿದಿದೆ
ಬಿಟ್ಟೆನಪ್ಪಾ, ಹೋಗಿರೋ, ಬೇವಿನ ನೆರಳು ಕಾದಿದೆ

ಬಾನಿ ತುಂಬಾ ನೀರಿದೆ.
ಬಸವಾ, ನೀನು ಮೊದಲು ಕುಡಿ.
ಮೈಲಾ, ತಡಿಯೋ ಒಂಚೂರು.