ನಾವು, ಮನಂ: ಸಿಂಧು ಮತ್ತು ವೇಣು ಮದುವೆಯಲ್ಲಿ ಕೊಡುವ ಮಾತು

(ಛತ್ರದಲ್ಲಿ ಬಂಧುಮಿತ್ರರಿಗೆ ಹಂಚುವ ಹಾಳೆ. ಈ ಟಿಪ್ಪಣಿಯನ್ನು ಓದಿ ಹೇಳುವುದಿಲ್ಲ.)

ಏಳನೆಯ ಹೆಜ್ಜೆ ಇಟ್ಟ ಮೇಲೆ, ಅರುಂಧತಿ ನೋಡಲು ಹೊರಗೆ ಹೋಗುವ ಮೊದಲು, ನಾವಿಬ್ಬರೂ ಮಂಟಪದಲ್ಲೇ ನಿಂತು ಇದನ್ನು ಓದುತ್ತೇವೆ. ಸಿಂಧುವಿನ ಮನೆಮಾತು ಕನ್ನಡ, ವೇಣುವಿನದು ತೆಲುಗು. ಅವಳ ನುಡಿಯಲ್ಲಿ ಅವನು, ಅವನ ನುಡಿಯಲ್ಲಿ ಅವಳು ಓದುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಮಾತು ಕೊಡುವವರು ತಡವರಿಸಿದರೂ ಚಿಂತೆಯಿಲ್ಲ, ಅದು ಕೇಳುವವರ ಹುಟ್ಟುನುಡಿಯಾಗಿರಬೇಕು.

ಸಿಂಧುವಿಗೆ ಓದಲು, ನಿಮಗೆ ಹಿಂಬಾಲಿಸಲು ಅನುಕೂಲವಾಗಲೆಂದು ತೆಲುಗನ್ನೂ ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದೆ. ತೆಲುಗು ಬಂಧುಗಳ ಹಾಳೆಯಲ್ಲಿ ಕನ್ನಡವೇ ತೆಲುಗು ಅಕ್ಷರ ತೊಟ್ಟಿದೆ. ಎರಡು ಲಿಪಿಯೂ ಒಂದೇ ಬೇರಿನವು. ಬಹಳಷ್ಟು ಅಕ್ಷರಗಳಲ್ಲಿ ತಲೆಕಟ್ಟಷ್ಟೇ ಬೇರೆ. ಸಿಂಧು ಓದುವಾಗ 'ಇಲ್ಲು' ಎಂಬ ಮಾತು ಬರುತ್ತದೆ. ತೆಲುಗಿನಲ್ಲಿ ಅದು ಮನೆ.

ಮೊದಲ ಕರಡಿನಲ್ಲಿ ತೆಲುಗು ಭಾಗ ಕನ್ನಡದ ಅರ್ಧದಷ್ಟಿತ್ತು. ಒಬ್ಬರ ಮನೆಯವರು ಎಲೆಯ ಮುಂದೆ ಕುಳಿತಿದ್ದಾರೆ, ಇನ್ನೊಬ್ಬರ ಮನೆಯವರು ನಿಂತೇ ಇದ್ದಾರೆ ಅನಿಸಿತು. ತಿದ್ದಿ ಬರೆದೆವು.

ವೇಣು, ಕನ್ನಡದಲ್ಲಿ:

ಸಿಂಧು, ಅಗ್ನಿಸಾಕ್ಷಿಯಾಗಿ ನಿನ್ನ ಕೈ ಹಿಡಿದಿದ್ದೇನೆ. ಈಗ ನಿನ್ನ ನುಡಿಯಲ್ಲೇ ಮಾತು ಕೊಡುತ್ತಿದ್ದೇನೆ.

ನನ್ನ ಭಾಷೆಯಲ್ಲಿ 'ನೇನು' ಎಂದರೆ ನಾನು. ಕನ್ನಡ ಕಲಿಯುವಾಗ ನಿನ್ನ 'ನೀನು' ನನ್ನ ಕಿವಿಗೆ 'ನೇನು' ಎಂದೇ ಕೇಳಿಸುತ್ತಿತ್ತು. ಇನ್ನು ಮುಂದೆ ನಿನ್ನ ನೋವು ನನ್ನ ನೋವು. ನೀನು ಗೆದ್ದ ದಿನ ನಾನೂ ಗೆದ್ದಂತೆ.

ನಿಮ್ಮ ಅಜ್ಜಿ ಹೇಳುವ ಕಥೆಯನ್ನು ನಡುವೆ ತಡೆಯದೆ ಕೇಳುತ್ತೇನೆ. ಅರ್ಥವಾಗದ ಮಾತಿಗೆ ಅರ್ಥವಾದಂತೆ ತಲೆಯಾಡಿಸದೆ ನಿನ್ನನ್ನೇ ಕೇಳುತ್ತೇನೆ. ನಿಮ್ಮ ಸಾರನ್ನು ನಮ್ಮ ಚಾರಿನೊಂದಿಗೆ ಹೋಲಿಸುವುದಿಲ್ಲ. ಎರಡನ್ನೂ ಎರಡೆರಡು ಸಲ ಬಡಿಸಿಕೊಳ್ಳುತ್ತೇನೆ.

ಜಗಳವಾದರೆ ನಿನಗೆ ತಿಳಿಯದ ಮಾತಿನಲ್ಲಿ ಗೊಣಗುವುದಿಲ್ಲ. ನಿನಗೆ ತಿಳಿಯುವಂತೆಯೇ ಸಿಟ್ಟಾಗುತ್ತೇನೆ, ದೀಪ ಆರಿಸುವ ಮೊದಲು ನಾನೇ ಮಾತಾಡಿಸುತ್ತೇನೆ.

ನಿನ್ನ ಕೆಲಸ, ನಿನ್ನ ಹೆಸರು, ನಿನ್ನ ಸ್ನೇಹಗಳು ಎಂದೆಂದಿಗೂ ನಿನ್ನ ಸ್ವಂತ. ನಿನ್ನ ಅಪ್ಪ ಅಮ್ಮನಿಗೆ ನಾನು ಮಗ.

ಮಕ್ಕಳಾದರೆ ನೀನು ಕನ್ನಡದಲ್ಲಿ ಜೋಗುಳ ಹಾಡು, ನಾನು ತೆಲುಗಿನಲ್ಲಿ ಹಾಡುತ್ತೇನೆ. ರಾತ್ರಿ ಅವರು ಅತ್ತರೆ ಇಬ್ಬರೂ ಏಳೋಣ.

ನಮ್ಮ ತೆಲುಗಿನಲ್ಲಿ 'ನಾವು' ಎನ್ನಲು ಎರಡು ಮಾತುಗಳಿವೆ. ಎದುರಿಗಿರುವವರನ್ನು ಬಿಟ್ಟು ಹೇಳಿದರೆ 'ಮೇಮು', ಸೇರಿಸಿಕೊಂಡರೆ 'ಮನಂ'. ಇಂದಿನಿಂದ ನಿನ್ನೊಡನೆ ಮಾತಾಡುವಾಗ ನನಗೆ 'ಮನಂ' ಒಂದೇ ಸಾಕು.

ಸಿಂಧು, ತೆಲುಗಿನಲ್ಲಿ:

ವೇಣು, ಅಗ್ನಿಸಾಕ್ಷಿಗಾ ನೀ ಚೇಯಿ ಪಟ್ಟುಕುನ್ನಾನು. ಇಪ್ಪುಡು ನೀ ಭಾಷಲೋನೇ ಮಾಟ ಇಸ್ತುನ್ನಾನು.

ನಾ ಭಾಷಲೋ 'ಇಲ್ಲ' ಅಂಟೇ ಲೇದು. ತೆಲುಗು ನೇರ್ಚುಕುನೇಟಪ್ಪುಡು ನೀ 'ಇಲ್ಲು' ನಾ ಚೆವಿಕಿ 'ಇಲ್ಲ' ಅನೇ ವಿನಿಪಿಂಚೇದಿ. ಇಕ ನುಂಚಿ ನುವ್ವು ಉನ್ನ ಚೋಟೇ ನಾ ಇಲ್ಲು. ನುವ್ವು ಲೇನಿ ಚೋಟ ನಾಕು ಇಲ್ಲು ಲೇದು.

ಮೀ ನಾನಮ್ಮ ಚೆಪ್ಪೇ ಕಥನು ಮಧ್ಯಲೋ ಆಪಕುಂಡಾ ವಿಂಟಾನು. ಅರ್ಥಂ ಕಾನಿ ಮಾಟಕಿ ಅರ್ಥಮೈನಟ್ಟು ತಲ ಊಪಕುಂಡಾ ನಿನ್ನೇ ಅಡುಗುತಾನು. ಮೀ ಚಾರುನಿ ಮಾ ಸಾರುತೋ ಪೋಲ್ಚನು. ರೆಂಡೂ ರೆಂಡೇಸಿ ಸಾರ್ಲು ವಡ್ಡಿಂಚುಕುಂಟಾನು.

ಗೊಡವ ಪಡಿತೇ ನೀಕು ತೆಲಿಯನಿ ಮಾಟಲ್ಲೋ ಗೊಣಗನು. ನೀಕು ತೆಲಿಸೇಲಾಗೇ ಕೋಪಂ ಚೂಪಿಸ್ತಾನು, ದೀಪಂ ಆರ್ಪೇ ಮುಂದು ನೇನೇ ಪಲಕರಿಸ್ತಾನು.

ನೀ ಪನಿ, ನೀ ಪೇರು, ನೀ ಸ್ನೇಹಾಲು ಎಪ್ಪಟಿಕೀ ನೀ ಸೊಂತಂ. ಮೀ ಅಮ್ಮಾನಾನ್ನಲಕು ನೇನು ಕೂತುರಿನಿ.

ಪಿಲ್ಲಲು ಪುಡಿತೇ ನುವ್ವು ತೆಲುಗುಲೋ ಜೋಲ ಪಾಡು, ನೇನು ಕನ್ನಡಂಲೋ ಪಾಡತಾನು. ರಾತ್ರಿ ವಾಳ್ಳು ಏಡಿಸ್ತೇ ಇದ್ದರಮೂ ಲೇದ್ದಾಂ.

ಮಾ ಕನ್ನಡಂಲೋ 'ನಾವು' ಅನೇದಿ ಒಕ್ಕಟೇ ಮಾಟ. ಎದುರುಗಾ ಉನ್ನವಾಳ್ಳನಿ ಕಲುಪುಕುನ್ನಾ ಅದೇ, ಕಲುಪುಕೋಕಪೋಯಿನಾ ಅದೇ. ಈ ರೋಜು ನುಂಚಿ ನೇನು 'ನಾವು' ಅಂಟೇ ಅಂದುಲೋ ನುವ್ವು ಎಪ್ಪುಡೂ ಉಂಟಾವು.

ಇಬ್ಬರೂ ಒಟ್ಟಿಗೆ:

ನಾವು ಜೊತೆಯಾಗಿ ಇರೋಣ.

ಮನಂ ಕಲಿಸಿ ಉಂದಾಂ.